ಹುಬ್ಬಳ್ಳಿಯಿಂದ ಪುಣೆಗೆ: ಮನೆ ಸಾಗಿಸುವ ಖರ್ಚು ಯಾರದ್ದು?

ಆಫರ್ ಲೆಟರ್‌ನಲ್ಲಿ ಸಂಬಳದ ಪಟ್ಟಿ ಮುಗಿದ ಮೇಲೆ, ನೋಟಿಸ್ ಪಿರಿಯಡ್ಡಿನ ಷರತ್ತಿನ ಆಸುಪಾಸಿನಲ್ಲಿ ಒಂದು ಸಾಲು ಇರುತ್ತದೆ: 'ಸ್ಥಳಾಂತರ ಭತ್ಯೆ 50,000 ರೂಪಾಯಿ, ಮೊದಲ ತಿಂಗಳ ಸಂಬಳದ ಜೊತೆ.' ಸಂಬಳಕ್ಕಾಗಿ ಮೂರು ಸುತ್ತು ಮಾತಾಡಿದವರೂ ಈ ಸಾಲನ್ನು ಓದಿ, ಕೊಟ್ಟಷ್ಟು ಬಂತು ಎಂದು ಸುಮ್ಮನಾಗುತ್ತಾರೆ. ಆದರೆ ಇಡೀ ಪತ್ರದಲ್ಲಿ ಕಂಪನಿ ಸುಲಭವಾಗಿ ತಿದ್ದಬಹುದಾದ ಸಾಲು ಇದೇ. ಸಂಬಳ ಹೆಚ್ಚಿಸಿದರೆ ಅದು ವರ್ಷವರ್ಷವೂ ಕೊಡಬೇಕಾದ ಹಣ, ಮೇಲಾಗಿ ಅದೇ ಕೆಲಸ ಮಾಡುವ ಹಳಬರ ಸಂಬಳದ ಜೊತೆ ಅದನ್ನು ಹೊಂದಿಸಬೇಕು. ಮನೆ ಸಾಗಿಸುವ ಖರ್ಚು ಒಂದೇ ಸಲದ್ದು. ಅದಕ್ಕೆ ಯಾರೂ ತಗಾದೆ ತೆಗೆಯುವುದಿಲ್ಲ.

ಕೇಳುವವರು ಕೂಡ ಸಾಮಾನ್ಯವಾಗಿ 'ಐವತ್ತು ಸಾಲದು, ಒಂದು ಲಕ್ಷ ಮಾಡಿ' ಎಂದು ಬಿಡುತ್ತಾರೆ. ಆ ಮಾತಿಗೆ ಎಚ್‌ಆರ್ ವಿಭಾಗದಲ್ಲಿ ಸಿದ್ಧ ಉತ್ತರ ಇದೆ: 'ನಿಮ್ಮ ಗ್ರೇಡಿಗೆ ಇಷ್ಟೇ.' ಮಾತು ಅಲ್ಲಿಗೆ ನಿಲ್ಲುತ್ತದೆ. ಮೊತ್ತದ ಬದಲು ಖರ್ಚುಗಳನ್ನು ಬಿಡಿಬಿಡಿಯಾಗಿ ಮುಂದಿಟ್ಟು, ಯಾವುದನ್ನು ಕಂಪನಿ ನೇರವಾಗಿ ಕಟ್ಟಬಹುದು, ಯಾವುದನ್ನು ಬಿಲ್ ನೋಡಿ ಕೊಡಬಹುದು, ಯಾವುದನ್ನು ಮುಂಗಡವಾಗಿ ಕೊಟ್ಟು ಆಮೇಲೆ ಹಿಡಿದುಕೊಳ್ಳಬಹುದು ಎಂದು ಕೇಳಿದರೆ ಅದೇ ಎಚ್‌ಆರ್‌ನವರು ಬೇರೆ ರೀತಿ ಉತ್ತರ ಕೊಡುತ್ತಾರೆ.

ಒಂದು ಸಂಸಾರವನ್ನು ಊಹಿಸಿಕೊಳ್ಳೋಣ. ಅಂಕಿಗಳು ಉದಾಹರಣೆಗಾಗಿ ನಾನಿಟ್ಟವು. ನಿಮ್ಮ ಮನೆಯ ಲೆಕ್ಕ ನೀವು ಹಾಕಿಕೊಳ್ಳಬೇಕು. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಬಾಡಿಗೆಗಿರುವ ಡಿಸೈನ್ ಎಂಜಿನಿಯರ್ ಒಬ್ಬರಿಗೆ ಪುಣೆಯ ಕಂಪನಿಯಲ್ಲಿ ಕೆಲಸ ಸಿಕ್ಕಿದೆ. ಪಿಎಫ್, ಗ್ರಾಚ್ಯುಟಿ ಬಿಟ್ಟು ವರ್ಷಕ್ಕೆ 15 ಲಕ್ಷ ಸಂಬಳ. ಹೆಂಡತಿ ಇದ್ದಾರೆ, ಮಗಳು ಮೂರನೇ ತರಗತಿ. ಎರಡು ಬೆಡ್‌ರೂಮಿನ ಮನೆಯ ಸಾಮಾನು, ಒಂದು ಸ್ಕೂಟರ್, ಒಂದು ಕಾರು. ಹೆದ್ದಾರಿಯಲ್ಲಿ ಬೆಳಗಾವಿ, ಕೊಲ್ಹಾಪುರ, ಸಾತಾರಾ ದಾಟಿ ಸುಮಾರು 430 ಕಿಲೋಮೀಟರು. ಆಫರ್ ಲೆಟರ್‌ನಲ್ಲಿ ಅದೇ 50,000 ರೂಪಾಯಿಯ ಸಾಲು.

'ಸಾಮಾನಿನ ಲಾರಿ ಬಾಡಗಿ ಇದರಾಗ ಹೋಗತೈತ್ರಿ. ಮನಿ ಡಿಪಾಜಿಟ್, ಇವಳ ಸಾಲಿ ಅಡ್ಮಿಶನ್ನು, ಅದೆಲ್ಲಾ ಎಲ್ಲಿಂದ ತರೋದು?' ಎಂದು ಹೆಂಡತಿ ಕೇಳಿದ ಮೇಲೆ ಇಬ್ಬರೂ ಕೂತು ಲೆಕ್ಕ ಬರೆಯುತ್ತಾರೆ.

ಪ್ಯಾಕಿಂಗ್, ಲಾರಿ, ಸ್ಕೂಟರ್ ಸಾಗಣೆ ಎಲ್ಲ ಸೇರಿ ಜಿಎಸ್‌ಟಿ ಸಮೇತ 38,000. ನಾಲ್ಕು ಲಕ್ಷದ ಸಾಮಾನಿಗೆ ಸಾಗಣೆ ವಿಮೆ 6,000. ಮನೆ ನೋಡಲು ಗಂಡ ಹೆಂಡತಿ ಒಮ್ಮೆ ಹೋಗಿ ಎರಡು ರಾತ್ರಿ ಉಳಿದು ಬರಲು 9,000. ಮನೆ ಸಿಗುವವರೆಗೆ 15 ದಿನ ಸರ್ವಿಸ್ ಅಪಾರ್ಟ್‌ಮೆಂಟಿನಲ್ಲಿ ದಿನಕ್ಕೆ 2,200ರಂತೆ 33,000. ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ 26,000. ಮಹಾರಾಷ್ಟ್ರದಲ್ಲಿ ಬಾಡಿಗೆ ಕರಾರನ್ನು ನೋಂದಣಿ ಮಾಡಿಸುವುದು ಕಡ್ಡಾಯ. ಮುದ್ರಾಂಕ ಶುಲ್ಕ, ನೋಂದಣಿ, ಏಜೆಂಟರ ಕೂಲಿ ಸೇರಿ 4,000. ಹುಬ್ಬಳ್ಳಿಯ ಮನೆಗೆ ನೋಟಿಸ್ ಕೊಟ್ಟ ತಿಂಗಳ ಬಾಡಿಗೆ 14,000. ಆ ತಿಂಗಳು ಎರಡೂ ಊರಿನಲ್ಲಿ ಬಾಡಿಗೆ ಬೀಳುತ್ತದೆ. ಮಗಳ ಶಾಲೆಯ ಪ್ರವೇಶ ಶುಲ್ಕ 40,000. ಇಷ್ಟೂ ಕೂಡಿದರೆ 1,70,000 ರೂಪಾಯಿ. ಇದು ಹೋದದ್ದು ಹೋಯಿತು ಎನ್ನುವ ಹಣ. ಇದರ ಮೇಲೆ ಮೂರು ತಿಂಗಳ ಡಿಪಾಜಿಟ್ 78,000. ಅದು ಮನೆ ಬಿಡುವಾಗ ವಾಪಸ್ ಬರುವ ಹಣ, ಆದರೆ ಇವತ್ತು ಕೈಯಿಂದ ಹೋಗಬೇಕು. ಬೆಂಗಳೂರಿಗೆ ಬರುವವರಾದರೆ ಅಡ್ವಾನ್ಸ್ ಇದಕ್ಕಿಂತ ಹೆಚ್ಚು ತಿಂಗಳದ್ದಿರುತ್ತದೆ, ಅಲ್ಲಿ ಈ ಭಾಗವೇ ಎಲ್ಲಕ್ಕಿಂತ ಭಾರ.

ಇನ್ನು ಆ 50,000 ಕೈಗೆ ಎಷ್ಟಾಗಿ ಬರುತ್ತದೆ ನೋಡಿ. ಬಿಲ್ ಕೇಳದೆ ಸಂಬಳದ ಜೊತೆ ಕೊಡುವ ಹಣ ಸಂಬಳವೇ, ಪೂರ್ತಿ ತೆರಿಗೆ ಬೀಳುತ್ತದೆ. 2025-26ನೇ ಹಣಕಾಸು ವರ್ಷದ ಹೊಸ ಪದ್ಧತಿಯಲ್ಲಿ ಇವರ ಆದಾಯ 12ರಿಂದ 16 ಲಕ್ಷದ ಹಂತದಲ್ಲಿದೆ. ಅಲ್ಲಿ 15 ಶೇಕಡಾ ತೆರಿಗೆ, ಅದರ ಮೇಲೆ 4 ಶೇಕಡಾ ಸೆಸ್, ಅಂದರೆ ಒಟ್ಟು 15.6 ಶೇಕಡಾ. 7,800 ರೂಪಾಯಿ ಟಿಡಿಎಸ್ ಹಿಡಿದು 42,200 ಬರುತ್ತದೆ. ಅದೂ ಖರ್ಚೆಲ್ಲ ಆಗಿ ಒಂದು ತಿಂಗಳ ಮೇಲೆ. ವರ್ಷಕ್ಕೆ 24 ಲಕ್ಷ ದಾಟಿದವರಿಗೆ ಇದೇ ಹಣದಲ್ಲಿ 15,600 ಹೋಗುತ್ತದೆ.

ತೆರಿಗೆಯ ವಿಷಯದಲ್ಲಿ ಒಂದು ವ್ಯತ್ಯಾಸವನ್ನು ಇಲ್ಲಿ ಬಿಡಿಸಿ ಹೇಳಬೇಕು, ಏಕೆಂದರೆ ಬಹಳ ಜನ ಇದರಲ್ಲಿ ಮೋಸ ಹೋಗುತ್ತಾರೆ. ಈಗಾಗಲೇ ಕೆಲಸದಲ್ಲಿರುವವರನ್ನು ಕಂಪನಿ ಬೇರೆ ಊರಿಗೆ ವರ್ಗ ಮಾಡಿದರೆ, ಪ್ರಯಾಣಕ್ಕೆ ಮತ್ತು ಸಾಮಾನಿನ ಪ್ಯಾಕಿಂಗ್, ಸಾಗಣೆಗೆ ಕೊಟ್ಟ ಭತ್ಯೆಯಲ್ಲಿ ನಿಜವಾಗಿ ಖರ್ಚಾದಷ್ಟಕ್ಕೆ ಆದಾಯ ತೆರಿಗೆ ಇಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಈ ವಿನಾಯಿತಿ ಉಳಿದಿದೆ. ವರ್ಗವಾದಾಗ ಹೋಟೆಲಿನಲ್ಲಿ ಇಳಿಸಿದರೆ ಒಟ್ಟು 15 ದಿನಗಳವರೆಗೆ ಅದನ್ನೂ ಸೌಲಭ್ಯವೆಂದು ಲೆಕ್ಕ ಹಿಡಿಯುವುದಿಲ್ಲ. ಆದರೆ ನಿಯಮದ ಮಾತು 'ವರ್ಗಾವಣೆ'. ಹೊಸದಾಗಿ ಸೇರುವವರದು ವರ್ಗಾವಣೆಯಲ್ಲ ಎಂದು ಅನೇಕ ಕಂಪನಿಗಳ ಲೆಕ್ಕಪತ್ರ ವಿಭಾಗದವರು ಬಿಲ್ ಕೊಟ್ಟರೂ ತೆರಿಗೆ ಹಿಡಿಯುತ್ತಾರೆ. ಬ್ರೋಕರ್ ಹಣ, ಶಾಲೆಯ ಶುಲ್ಕಗಳಂತೂ ವರ್ಗವಾದವರಿಗೂ ಈ ವಿನಾಯಿತಿಯೊಳಗೆ ಸುಲಭವಾಗಿ ಬರುವುದಿಲ್ಲ. ಹಾಗಾಗಿ 'ನೀವು ಕೊಡುವ ಮೊತ್ತ ತೆರಿಗೆಗೆ ಮುಂಚಿನದೋ, ತೆರಿಗೆ ಕಳೆದದ್ದೋ?' ಎಂಬ ಪ್ರಶ್ನೆಯನ್ನು ಬರವಣಿಗೆಯಲ್ಲೇ ಕೇಳಬೇಕು. ತೆರಿಗೆಯನ್ನು ಕಂಪನಿಯೇ ಹೊರುವುದಕ್ಕೆ ಎಚ್‌ಆರ್‌ನವರು 'ಗ್ರಾಸ್ ಅಪ್' ಎನ್ನುತ್ತಾರೆ. ನಮ್ಮ ಎಂಜಿನಿಯರ್ ಕೈಗೆ 75,000 ಬರಬೇಕಾದರೆ ಕಂಪನಿ ಸುಮಾರು 88,860 ತೋರಿಸಬೇಕಾಗುತ್ತದೆ.

ಈಗ ಮಾತುಕತೆ. ಕೇಳುವ ಹೊತ್ತು ತುಂಬ ಕಿರಿದು: ಕಂಪನಿ ನಿಮ್ಮನ್ನೇ ಬೇಕೆಂದು ಹೇಳಿದ ಮೇಲೆ, ನೀವು ಪತ್ರಕ್ಕೆ ಸಹಿ ಹಾಕುವ ಮೊದಲು. ಹಳೆಯ ಕೆಲಸಕ್ಕೆ ರಾಜೀನಾಮೆ ಕೊಟ್ಟ ಮೇಲೆ ಕೇಳಿದರೆ ನಿಮ್ಮ ಕೈಯಲ್ಲಿ ಏನೂ ಉಳಿದಿರುವುದಿಲ್ಲ, ಅದು ಅವರಿಗೂ ಗೊತ್ತಿರುತ್ತದೆ. ಮೊದಲ ಸಂದರ್ಶನದಲ್ಲೇ ಎತ್ತಿದರೆ ಇನ್ನೂ ಬೇಕೋ ಬೇಡವೋ ಎಂದು ತೀರ್ಮಾನಿಸದವರ ಮುಂದೆ ಖರ್ಚಿನ ಪಟ್ಟಿ ಇಟ್ಟಂತೆ ಆಗುತ್ತದೆ.

ಮೊದಲು ಕೇಳಬೇಕಾದ್ದು ಹಣವನ್ನಲ್ಲ, ಪಾಲಿಸಿಯನ್ನು. 'ನಿಮ್ಮ ರಿಲೊಕೇಶನ್ ಪಾಲಿಸಿಯಲ್ಲಿ ನನ್ನ ಗ್ರೇಡಿಗೆ ಏನೇನಿದೆ, ಆ ಪುಟ ಕಳಿಸುತ್ತೀರಾ?' ಎಂದರೆ ಸಾಕು. ಅನೇಕ ಕಂಪನಿಗಳಲ್ಲಿ ಎರಡು ದಾರಿ ಇರುತ್ತವೆ: ಬಿಲ್ ಕೇಳದೆ ಕೊಡುವ ಒಂದು ಸಣ್ಣ ಮೊತ್ತ, ಅಥವಾ ಬಿಲ್ ಆಧಾರದ ಮೇಲೆ ಅದಕ್ಕಿಂತ ದೊಡ್ಡ ಮಿತಿ. ಆಫರ್ ಲೆಟರ್‌ನಲ್ಲಿ ಬರುವುದು ಮೊದಲನೆಯದು, ಏಕೆಂದರೆ ಅದರಲ್ಲಿ ಯಾರಿಗೂ ಕೆಲಸವಿಲ್ಲ. ನಮ್ಮ ಉದಾಹರಣೆಯಲ್ಲೂ ಹಾಗೇ ಎಂದಿಟ್ಟುಕೊಳ್ಳಿ. ಬಿಲ್ ಕೊಟ್ಟರೆ 75,000ದವರೆಗೆ ಅವಕಾಶವಿದೆ, ಕೇಳದವರಿಗೆ 50,000.

ಎರಡನೆಯ ಸಂಗತಿ ಹೊರಗಿನವರಿಗೆ ಕಾಣುವುದಿಲ್ಲ. ಸ್ಥಳಾಂತರ ಭತ್ಯೆ ಎಚ್‌ಆರ್ ಪಾಲಿಸಿಯ ಗ್ರೇಡ್ ಮಿತಿಗೆ ಕಟ್ಟುಬಿದ್ದಿರುತ್ತದೆ. ಗೆಸ್ಟ್ ಹೌಸ್ ಮತ್ತು ಪ್ರಯಾಣದ ಖರ್ಚು ಎಷ್ಟೋ ಕಡೆ ಅಡ್ಮಿನ್ ವಿಭಾಗದ ಲೆಕ್ಕಕ್ಕೆ ಹೋಗುತ್ತದೆ. ಜಾಯ್ನಿಂಗ್ ಬೋನಸ್ಸು ನಿಮ್ಮನ್ನು ತೆಗೆದುಕೊಳ್ಳುತ್ತಿರುವ ವಿಭಾಗದ ಮುಖ್ಯಸ್ಥರ ಬಜೆಟ್ಟಿನಿಂದ ಬರುತ್ತದೆ. ಒಂದು ಕಡೆ ಮಿತಿ ಮುಗಿದರೂ ಇನ್ನೊಂದು ಕಡೆ ಜಾಗ ಇರಬಹುದು. ಎಚ್‌ಆರ್‌ನವರು ಸುಳ್ಳು ಹೇಳುತ್ತಿರುವುದಿಲ್ಲ. ಅವರ ಕೈಯಲ್ಲಿರುವ ಡಬ್ಬಿ ಖಾಲಿಯಾಗಿರುತ್ತದೆ ಅಷ್ಟೇ. ಆದ್ದರಿಂದ ವಿಭಾಗದ ಮುಖ್ಯಸ್ಥರಿಗೂ ವಿಷಯ ತಿಳಿದಿರಬೇಕು. ನೀವು ಬೇಗ ಬರಬೇಕೆನ್ನುವ ತುರ್ತು ಇರುವುದು ಅವರಿಗೆ.

ಹೀಗೆ ತಿಳಿದುಕೊಂಡು ನಮ್ಮ ಎಂಜಿನಿಯರ್ ಬರೆಯುವ ಮೇಲ್ ಇಂಗ್ಲಿಷಿನಲ್ಲಿರುತ್ತದೆ, ಸಾರ ಇಷ್ಟು: 'ಸಂಬಳಕ್ಕೆ ನನ್ನ ಒಪ್ಪಿಗೆ ಇದೆ, ಹೇಳಿದ ದಿನಕ್ಕೆ ಸೇರುತ್ತೇನೆ. ಕುಟುಂಬ ಸಮೇತ ಬರುವುದರಿಂದ ಖರ್ಚಿನ ವಿವರ ಮತ್ತು ಎರಡು ಪ್ಯಾಕರ್ಸ್ ಕಂಪನಿಗಳ ಕೊಟೇಶನ್ ಲಗತ್ತಿಸಿದ್ದೇನೆ. ಒಟ್ಟು ಮೊತ್ತದ ಬದಲು ಬಿಲ್ ಆಧಾರದ ದಾರಿಗೆ ನನ್ನನ್ನು ಬದಲಾಯಿಸಿ. ಸಾಮಾನು ಸಾಗಣೆಯ 44,000 ರೂಪಾಯಿಯನ್ನು ವಿಮೆ ಸಮೇತ ಕಂಪನಿಯೇ ನೇರವಾಗಿ ಕಟ್ಟಲಿ. ಬ್ರೋಕರ್ ಮತ್ತು ಕರಾರಿನ 30,000ಕ್ಕೆ ಬಿಲ್ ಕೊಡುತ್ತೇನೆ. ಮೊದಲ 15 ದಿನ ಗೆಸ್ಟ್ ಹೌಸ್ ಕೊಡಿಸಿ. ದಾಖಲೆ ಪರಿಶೀಲನೆಗೆ ಬರುವ ದಿನವೇ ಮನೆ ನೋಡಿಕೊಂಡು ಹೋಗುತ್ತೇವೆ, ಆ ಪ್ರಯಾಣದ ಖರ್ಚು ನಿಮ್ಮ ಟ್ರಾವೆಲ್ ಲೆಕ್ಕದಲ್ಲಿರಲಿ. ಮನೆಯ ಡಿಪಾಜಿಟ್ 78,000ವನ್ನು ಸಂಬಳದ ಮುಂಗಡವಾಗಿ ಕೊಟ್ಟು, ತಿಂಗಳಿಗೆ 13,000ದಂತೆ ಆರು ತಿಂಗಳು ಹಿಡಿದುಕೊಳ್ಳಿ.'

ಈ ಪತ್ರದಲ್ಲಿ ಗ್ರೇಡ್ ಮಿತಿಯನ್ನು ಮೀರಿದ ಬೇಡಿಕೆ ಒಂದೂ ಇಲ್ಲ. ಸಾಗಣೆ ಮತ್ತು ಬಿಲ್ ಸೇರಿ 74,000, ಮಿತಿ 75,000. ಗೆಸ್ಟ್ ಹೌಸು, ಪ್ರಯಾಣ ಬೇರೆ ಲೆಕ್ಕ. ಡಿಪಾಜಿಟ್ ಕಂಪನಿಗೆ ವಾಪಸ್ ಬರುವ ಹಣ. ಎಲ್ಲ ಒಪ್ಪಿದರೆ 1,70,000ದಲ್ಲಿ ಕಂಪನಿ 1,16,000 ಹೊತ್ತಂತಾಯಿತು. ಮನೆಯವರ ಪಾಲಿಗೆ ಶಾಲೆಯ 40,000 ಮತ್ತು ಹಳೆಯ ಮನೆಯ 14,000, ಒಟ್ಟು 54,000 ಉಳಿಯುತ್ತದೆ. 74,000ದ ಮೇಲೆ ಕಂಪನಿ ತೆರಿಗೆ ಹಿಡಿದರೆ ಇನ್ನೂ 11,544 ಸೇರಿಸಿಕೊಳ್ಳಿ. ಮೊದಲಿನ ಆಫರ್ ಒಪ್ಪಿಕೊಂಡಿದ್ದರೆ ಕೈಯಿಂದ ಹೋಗುತ್ತಿದ್ದುದು 1,27,800. ಗೆಸ್ಟ್ ಹೌಸ್ ಇಲ್ಲ ಎಂದರೆ ಆ 33,000 ಮತ್ತೆ ಇವರ ತಲೆಗೆ ಬರುತ್ತದೆ. ಆಗ ಜಾಯ್ನಿಂಗ್ ಬೋನಸ್ಸಿನ ಮಾತನ್ನು ವಿಭಾಗದ ಮುಖ್ಯಸ್ಥರ ಹತ್ತಿರ ಎತ್ತುವುದು ನ್ಯಾಯ. ಶಾಲೆಯ ಶುಲ್ಕ ಕೊಡುವ ಕಂಪನಿ ಅಪರೂಪ, ಅದಕ್ಕಾಗಿ ಹಟ ಹಿಡಿದು ಉಳಿದದ್ದನ್ನು ಕೆಡಿಸಿಕೊಳ್ಳಬಾರದು. ಅದರ ಬದಲು ಶಾಲೆಯ ವರ್ಷ ಮುಗಿಯುವವರೆಗೆ ಹೆಂಡತಿ ಮಗಳು ಹುಬ್ಬಳ್ಳಿಯಲ್ಲೇ ಇದ್ದು, ಸಾಮಾನು ಸಾಗಣೆಯ ಹಕ್ಕನ್ನು ಆರು ತಿಂಗಳವರೆಗೆ ಜೀವಂತ ಇಡಲು ಕೇಳಬಹುದು. ಕಂಪನಿಗೆ ಇದರಿಂದ ಒಂದು ರೂಪಾಯಿಯೂ ಹೆಚ್ಚಿಲ್ಲ, ಮಗುವಿಗೆ ನಡುವರ್ಷದಲ್ಲಿ ಶಾಲೆ ಬಿಡಿಸುವುದು ತಪ್ಪುತ್ತದೆ.

ಪ್ಯಾಕರ್ಸ್‌ಗೆ ಕಂಪನಿಯೇ ಹಣ ಕಟ್ಟಲಿ ಎನ್ನುವುದಕ್ಕೆ ತೆರಿಗೆಗಿಂತ ದೊಡ್ಡ ಕಾರಣ ಇದೆ. ಮನೆಗೆ ಬಂದು ಸಾಮಾನು ನೋಡದೆ ಫೋನಿನಲ್ಲೇ ಅಗ್ಗದ ದರ ಹೇಳಿ, ಮುಂಗಡವನ್ನು ಯಾರದೋ ಸ್ವಂತ ಖಾತೆಗೆ ಯುಪಿಐ ಮಾಡಿಸಿಕೊಂಡು, ಲಾರಿ ತುಂಬಿದ ಮೇಲೆ 'ಸಾಮಾನು ಜಾಸ್ತಿ ಆಯ್ತು, ಇನ್ನಿಷ್ಟು ಕೊಟ್ಟರೇ ಇಳಿಸ್ತೀವಿ' ಎನ್ನುವವರಿದ್ದಾರೆ. ಅಡುಗೆ ಪಾತ್ರೆ, ಹಾಸಿಗೆ, ಮಕ್ಕಳ ಬಟ್ಟೆ ಎಲ್ಲ ಲಾರಿಯಲ್ಲಿರುವಾಗ ಯಾರೂ ಜಗಳಕ್ಕೆ ನಿಲ್ಲಲಾರರು. ವರ್ಷಕ್ಕೆ ನೂರಾರು ಮನೆಗಳ ಕೆಲಸ ಕೊಡುವ ಕಂಪನಿಯ ಹತ್ತಿರ ಹೀಗೆ ಆಡಲು ಅವರಿಗೆ ಧೈರ್ಯ ಬರುವುದಿಲ್ಲ. ನೀವೇ ಗೊತ್ತುಮಾಡುವುದಾದರೆ ಬಿಲ್ಟಿ ಇಲ್ಲದೆ, ಒಂದೊಂದು ಡಬ್ಬಿಯ ಪಟ್ಟಿಗೆ ಅವರ ಸಹಿ ಇಲ್ಲದೆ ಲಾರಿ ಬಿಡಬೇಡಿ. ಸರಕು ಸಾಗಣೆಯ 2007ರ ಕಾಯ್ದೆಯ ಪ್ರಕಾರ ಒಡೆದದ್ದು, ಕಳೆದದ್ದರ ಬಗ್ಗೆ ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಲಿಖಿತ ನೋಟಿಸ್ ಕೊಟ್ಟಿರದಿದ್ದರೆ ಆಮೇಲೆ ದಾವೆ ಹಾಕಲು ಬರುವುದಿಲ್ಲ. ಬ್ಯಾಂಕು, ಸಾರ್ವಜನಿಕ ವಲಯದ ಉದ್ಯಮಗಳಲ್ಲಿ ಭಾರತೀಯ ಬ್ಯಾಂಕುಗಳ ಸಂಘದ, ಅಂದರೆ ಐಬಿಎ ಪಟ್ಟಿಯಲ್ಲಿರುವ ಸಾಗಣೆದಾರರ ಬಿಲ್ಲೇ ಬೇಕೆಂದು ಕೇಳುವುದುಂಟು. ಅದನ್ನು ಮೊದಲೇ ವಿಚಾರಿಸಿ. ಬಿಲ್ ತಿರಸ್ಕಾರವಾದ ಮೇಲೆ ಸರಿಪಡಿಸುವ ದಾರಿ ಇಲ್ಲ.

ಹುಬ್ಬಳ್ಳಿಯ ಕೆಎ-63 ಕಾರಿನದು ಇನ್ನೊಂದು ಕಥೆ. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟರೆ ಅಲ್ಲಿನ ನೋಂದಣಿ ಮಾಡಿಸಬೇಕು, ಅದಕ್ಕೆ ಇಲ್ಲಿನ ಆರ್‌ಟಿಒದಿಂದ ಎನ್‌ಒಸಿ ಬೇಕು, ಅಲ್ಲಿ ರಸ್ತೆ ತೆರಿಗೆ ಕಟ್ಟಿ ಇಲ್ಲಿ ಕಟ್ಟಿದ್ದರಲ್ಲಿ ಉಳಿದ ಭಾಗಕ್ಕೆ ಅರ್ಜಿ ಹಾಕಬೇಕು. ಯಾವ ಎಚ್‌ಆರ್ ಪಟ್ಟಿಯಲ್ಲೂ ಈ ಖರ್ಚು ಕಾಣುವುದು ಕಡಿಮೆ. ಎರಡು ವರ್ಷಕ್ಕಿಂತ ಹೆಚ್ಚು ಅಲ್ಲಿರುವ ಯೋಚನೆ ಇದ್ದವರು ಇದನ್ನೂ ಲೆಕ್ಕದಲ್ಲಿ ಬರೆಯಬೇಕು.

ಇರುವ ಕಂಪನಿಯೇ ವರ್ಗ ಮಾಡಿದಾಗ ಮಾತಿನ ಧಾಟಿ ಬೇರೆ. ನೇಮಕಾತಿ ಪತ್ರದಲ್ಲಿ 'ದೇಶದ ಯಾವುದೇ ಶಾಖೆಗೆ ವರ್ಗ ಮಾಡಬಹುದು' ಎಂಬ ಷರತ್ತು ಇದ್ದೇ ಇರುತ್ತದೆ, ಹೋಗುವುದಿಲ್ಲ ಎನ್ನುವುದು ಕಷ್ಟ. ಆದರೆ ಖರ್ಚು ಕೇಳಲು ಒಳ್ಳೆಯ ಅಳತೆಗೋಲು ಸಿಗುತ್ತದೆ. ಕೇಂದ್ರ ಸರ್ಕಾರ ತನ್ನ ನೌಕರರನ್ನು 20 ಕಿಲೋಮೀಟರಿಗಿಂತ ದೂರದ ಊರಿಗೆ ಸಾರ್ವಜನಿಕ ಹಿತದಲ್ಲಿ ವರ್ಗ ಮಾಡಿದರೆ ಕಳೆದ ತಿಂಗಳ ಮೂಲವೇತನದ 80 ಶೇಕಡಾವನ್ನು ವರ್ಗಾವಣೆ ಅನುದಾನವಾಗಿ ಕೊಡುತ್ತದೆ. 2017ರಲ್ಲಿ ಏಳನೇ ವೇತನ ಆಯೋಗದ ಬಳಿಕ ಬಂದ ನಿಯಮ ಇದು. ಕುಟುಂಬದ ಪ್ರಯಾಣ, ಸಾಮಾನು ಸಾಗಣೆ ಇದರ ಮೇಲೆ ಬೇರೆ. ಖಾಸಗಿ ಕಂಪನಿ ಇದಕ್ಕೆ ಬದ್ಧವಲ್ಲ, ಆದರೂ 'ಸರ್ಕಾರದ ಲೆಕ್ಕದಲ್ಲಿ ಇಷ್ಟಾಗುತ್ತದೆ' ಎಂಬ ಮಾತಿಗೆ ತೂಕವಿದೆ. ಅದೇ ಸರ್ಕಾರ ನೌಕರರೇ ಕೇಳಿ ಪಡೆದ ವರ್ಗಾವಣೆಗೆ ಏನೂ ಕೊಡುವುದಿಲ್ಲ. ಖಾಸಗಿಯಲ್ಲೂ ಹಲವು ಪಾಲಿಸಿಗಳು ಹೀಗೇ. ಆದ್ದರಿಂದ ವರ್ಗಾವಣೆ ಪತ್ರದಲ್ಲಿ 'ನಿಮ್ಮ ಕೋರಿಕೆಯ ಮೇರೆಗೆ' ಎಂಬ ಪದಗಳು ಸುಮ್ಮನೆ ನುಸುಳಿವೆಯೇ ನೋಡಿ. ಮ್ಯಾನೇಜರ್ 'ಪುಣೆಗೆ ಹೋಗ್ತೀಯೇನಪ್ಪ' ಎಂದು ಕೇಳಿ, ನೀವು ಹೂಂ ಎಂದದ್ದು ಕೋರಿಕೆಯಲ್ಲ. ಪತ್ರ ಬಂದ ದಿನವೇ ಅದನ್ನು ತಿದ್ದಿಸಿಕೊಳ್ಳಬೇಕು.

ಕೊನೆಯದು ವಾಪಸಾತಿಯ ಷರತ್ತು. ಹನ್ನೆರಡು ಅಥವಾ ಇಪ್ಪತ್ನಾಲ್ಕು ತಿಂಗಳೊಳಗೆ ಕೆಲಸ ಬಿಟ್ಟರೆ ಸ್ಥಳಾಂತರದ ಹಣ ಹಿಂದಿರುಗಿಸಬೇಕು ಎಂಬ ಸಾಲಿಗೆ 'ಇದು ಎಲ್ಲರಿಗೂ ಇರೋದೇ' ಎಂದು ಸಹಿ ಹಾಕುವವರು ಅದರ ಬಲವನ್ನು ತಿಳಿದಿರಬೇಕು. ವಿಜಯಾ ಬ್ಯಾಂಕಿನ ಅಧಿಕಾರಿಯೊಬ್ಬರು ಮೂರು ವರ್ಷ ತುಂಬುವ ಮೊದಲೇ ಬಿಟ್ಟಿದ್ದಕ್ಕೆ ಕರಾರಿನಂತೆ ಎರಡು ಲಕ್ಷ ಕಟ್ಟಬೇಕಾಗಿ ಬಂದಿತ್ತು. ಕರ್ನಾಟಕ ಹೈಕೋರ್ಟ್ ಅವರ ಪರ ತೀರ್ಪು ಕೊಟ್ಟಿತ್ತು, 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿ ಷರತ್ತು ಊರ್ಜಿತ ಎಂದಿತು. ಅದು ಸಾರ್ವಜನಿಕ ವಲಯದ ಬ್ಯಾಂಕಿನ ನೇಮಕಾತಿಗೆ ಸಂಬಂಧಿಸಿದ ಪ್ರಕರಣ, ಪ್ರತಿ ಷರತ್ತಿಗೂ ಹಾಗೇ ಅನ್ವಯಿಸುತ್ತದೆ ಎಂದಲ್ಲ. ಆದರೆ ಸಹಿ ಮಾಡಿದ ಮೇಲೆ ಕೋರ್ಟು ಬಿಡಿಸುತ್ತದೆ ಎಂಬ ನಂಬಿಕೆ ಇಟ್ಟುಕೊಳ್ಳಲಾಗದು.

ಈ ಷರತ್ತನ್ನು ತೆಗೆಸುವುದು ಕಷ್ಟ, ತಿದ್ದಿಸುವುದು ಸಾಧ್ಯ. ಒಂದು, ಕೆಲಸ ಮಾಡಿದ ತಿಂಗಳುಗಳಿಗೆ ತಕ್ಕಂತೆ ಮೊತ್ತ ಇಳಿಯಬೇಕು. 74,000ಕ್ಕೆ 12 ತಿಂಗಳ ಷರತ್ತಿದ್ದು ಒಂಬತ್ತು ತಿಂಗಳು ಮುಗಿಸಿ ಬಿಟ್ಟವರು ಪೂರ್ತಿ ಕೊಡುವ ಬದಲು ಮೂರು ತಿಂಗಳ ಪಾಲು 18,500 ಕೊಟ್ಟರೆ ಸಾಕಾಗಬೇಕು. ಎರಡು, ನೀವಾಗಿ ರಾಜೀನಾಮೆ ಕೊಟ್ಟರೆ ಮಾತ್ರ ವಾಪಸಾತಿ. ಕಂಪನಿಯೇ ಕೆಲಸ ತೆಗೆದರೆ, ಪುಣೆಯ ಕಚೇರಿ ಮುಚ್ಚಿದರೆ ಅಥವಾ ಮತ್ತೆ ಬೇರೆ ಊರಿಗೆ ಕಳಿಸಿದರೆ ಅದು ಅನ್ವಯಿಸಬಾರದು. ಹಾಗೆ ಬರೆಯದಿದ್ದರೆ, ಕೆಲಸ ಕಳೆದುಕೊಂಡ ತಿಂಗಳೇ ಅಂತಿಮ ಲೆಕ್ಕದಲ್ಲಿ ಲಾರಿ ಬಾಡಿಗೆಯನ್ನೂ ಕಡಿದುಕೊಳ್ಳುತ್ತಾರೆ. ನನಗೆ ಎಲ್ಲಕ್ಕಿಂತ ಅನ್ಯಾಯವೆಂದು ತೋರುವುದು ಇದೇ. ಮೂರು, ತೆರಿಗೆ ಹಿಡಿದು ಕೊಟ್ಟ ಹಣವಾದರೆ ವಾಪಸ್ ಕೊಡುವುದೂ ಕೈಗೆ ಬಂದಷ್ಟೇ ಆಗಿರಬೇಕು. 50,000ಕ್ಕೆ 42,200 ಪಡೆದವರಿಂದ 50,000 ಕೇಳುವ ಕಂಪನಿಗಳಿವೆ, ಸರ್ಕಾರಕ್ಕೆ ಹೋದ 7,800ಕ್ಕಾಗಿ ಆಮೇಲೆ ತೆರಿಗೆ ಇಲಾಖೆಯ ಬಾಗಿಲು ತಟ್ಟುವ ಕೆಲಸ ನಿಮ್ಮದಾಗುತ್ತದೆ.

ಫೋನಿನಲ್ಲಿ ಒಪ್ಪಿದ್ದೆಲ್ಲ ತಿದ್ದಿದ ಆಫರ್ ಲೆಟರ್‌ನಲ್ಲಿ, ಅದಾಗದಿದ್ದರೆ ಕಂಪನಿಯ ಮೇಲ್‌ನಲ್ಲಿ ಬಂದ ಮೇಲೆಯೇ ರಾಜೀನಾಮೆ ಪತ್ರ ಕೊಡಿ. ನಿಮ್ಮ ಜೊತೆ ಮಾತಾಡಿದ ಎಚ್‌ಆರ್ ಸಿಬ್ಬಂದಿ ನೀವು ಸೇರುವ ಹೊತ್ತಿಗೆ ಬೇರೆ ಕಂಪನಿಯಲ್ಲಿರಬಹುದು. ಬಿಲ್ಲುಗಳನ್ನು ಎಷ್ಟು ದಿನದೊಳಗೆ ಕೊಡಬೇಕು, ಯಾರ ಹೆಸರಿಗೆ ಇರಬೇಕು, ಕಂಪನಿಯ ಜಿಎಸ್‌ಟಿ ಸಂಖ್ಯೆ ಅದರ ಮೇಲೆ ಬೇಕೋ ಎಂಬುದನ್ನೂ ಅದೇ ಮೇಲ್‌ನಲ್ಲಿ ಕೇಳಿಕೊಳ್ಳಿ. ಪುಣೆಯ ಬ್ರೋಕರ್ ನಗದು ತೆಗೆದುಕೊಂಡು ಚೀಟಿ ಕೊಡಲು ಹಿಂದೆಮುಂದೆ ನೋಡಬಹುದು. ಮನೆ ನೋಡಲು ಹೊರಡುವ ಮೊದಲೇ 'ರಸೀದಿ ಕೊಡುವುದಾದರೆ ಮಾತ್ರ' ಎಂದು ಹೇಳಿ, ಹಣವನ್ನು ಬ್ಯಾಂಕ್ ಮೂಲಕವೇ ಕಟ್ಟಿ.